ವೈರಲ್ ಆದದ್ದು ಒಂದೇ ವಿಡಿಯೊ, ಗೆದ್ದದ್ದು ಯಾವ ಗುಂಪು?

ಯೂಟ್ಯೂಬ್ ಚಾನೆಲ್ ನಡೆಸುವ ಯಾರನ್ನಾದರೂ ‘ನಿಮ್ಮ ವಿಡಿಯೊಗೆ ಸರಾಸರಿ ಎಷ್ಟು ವ್ಯೂಸ್ ಬರುತ್ತದೆ?’ ಎಂದು ಕೇಳಿ ನೋಡಿ. ಉತ್ತರಿಸುವ ಮುನ್ನ ತುಸು ತಡವರಿಸುತ್ತಾರೆ. ಅವರ ಹೆಚ್ಚಿನ ವಿಡಿಯೊಗಳು ಕೆಲವು ನೂರರಲ್ಲೋ ಒಂದೆರಡು ಸಾವಿರದಲ್ಲೋ ನಿಂತಿರುತ್ತವೆ. ನಡುವೆ ಯಾವುದೋ ಒಂದು ಮಾತ್ರ ಲಕ್ಷದ ಹತ್ತಿರ ಹೋಗಿರುತ್ತದೆ. ಆ ಒಂದನ್ನು ಸೇರಿಸಿದರೆ ಸರಾಸರಿ ಒಂದು, ಬಿಟ್ಟರೆ ಇನ್ನೊಂದು.

ಇದಕ್ಕೆ ಕಾರಣವಿದೆ. ವ್ಯೂಸ್ ಕೂಡುತ್ತಾ ಬೆಳೆಯುವುದಿಲ್ಲ, ಗುಣಿಸುತ್ತಾ ಬೆಳೆಯುತ್ತದೆ. ನಾಲ್ಕು ಜನ ನೋಡಿದ ವಿಡಿಯೊವನ್ನು ಯೂಟ್ಯೂಬ್ ಇನ್ನಷ್ಟು ಜನರ ಮುಂದಿಡುತ್ತದೆ, ಅವರೂ ನೋಡಿದರೆ ಮತ್ತಷ್ಟು ಜನರಿಗೆ ತೋರಿಸುತ್ತದೆ. ಹೀಗಾಗಿ ಎತ್ತರದಂತೆ ವ್ಯೂಸ್ ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡುವುದಿಲ್ಲ. ಎಡಗಡೆ ಗುಂಪುಗೂಡಿ, ಬಲಗಡೆಗೆ ಉದ್ದನೆಯ ಬಾಲ ಚಾಚುತ್ತದೆ. ಇಂಥ ಸಂಖ್ಯೆಗಳ ಎರಡು ಗುಂಪುಗಳಲ್ಲಿ ಯಾವುದು ಮೇಲು ಎಂದು ಹೇಳಬೇಕಾದಾಗ ಪದವಿ ತರಗತಿಯಲ್ಲಿ ಕಲಿತ ಟಿ-ಪರೀಕ್ಷೆ ಕೈಕೊಡುತ್ತದೆ. ಆಗ ನೆರವಿಗೆ ಬರುವುದು ರ‍್ಯಾಂಕ್ ಆಧಾರಿತ ಪರೀಕ್ಷೆ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅದರ ನಿಜವಾದ ಉಪಯೋಗ ಗೊತ್ತಾದದ್ದು ಗೆಳೆಯನೊಬ್ಬನ ಚಾನೆಲ್‌ನ ಲೆಕ್ಕ ನೋಡಿದಾಗ.

ಹದಿನಾಲ್ಕು ವಿಡಿಯೊಗಳು

ಅವನು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಗಣಿತ ಹೇಳಿಕೊಡುತ್ತಾನೆ. ಏಳು ವಿಡಿಯೊಗಳ ಥಂಬ್‌ನೇಲ್‌ನಲ್ಲಿ ತನ್ನ ಮುಖದ ಫೋಟೊ ಹಾಕಿದ್ದ. ಇನ್ನೇಳರಲ್ಲಿ ಬರೀ ದಪ್ಪ ಅಕ್ಷರಗಳಿದ್ದವು. ಅಕ್ಷರದ ಗುಂಪಿನ ಒಂದು ವಿಡಿಯೊ ವೈರಲ್ ಆಯಿತು. ‘ಇನ್ಮೇಲೆ ಮುಖ ಬೇಡ ಕಣೋ, ಅಕ್ಷರವೇ ಓಡೋದು. ಡಿಸೈನರ್ ಹತ್ರ ಐವತ್ತು ಥಂಬ್‌ನೇಲ್ ಒಟ್ಟಿಗೇ ಮಾಡಿಸಿಬಿಡ್ತೀನಿ’ ಎಂದ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದಕ್ಕೆ ಹೋಗುವುದರಲ್ಲಿತ್ತು. ಅದಕ್ಕೂ ಮುನ್ನ ಲೆಕ್ಕ ನೋಡೋಣ ಎಂದು ಕೂತೆವು.

ಪ್ರತಿ ವಿಡಿಯೊ ಪ್ರಕಟವಾದ ಮೊದಲ 30 ದಿನಗಳ ವ್ಯೂಸ್ ಮಾತ್ರ ತೆಗೆದುಕೊಂಡೆವು. ಕೈಯಲ್ಲೇ ಲೆಕ್ಕ ಹಾಕಲು ಅನುಕೂಲವಾಗಲಿ ಎಂದು ಇಲ್ಲಿ ಸಂಖ್ಯೆಗಳನ್ನು ದುಂಡಾಗಿಸಿದ್ದೇನೆ.

ಮುಖವಿರುವ ಗುಂಪು: 640, 910, 1150, 1380, 1720, 2300, 3100.

ಅಕ್ಷರದ ಗುಂಪು: 210, 340, 430, 580, 790, 1240, 96000.

ಮೊದಲ ಗುಂಪಿನ ಸರಾಸರಿ 1600. ಎರಡನೆಯದರ ಸರಾಸರಿ 14,227. ಸರಾಸರಿ ನೋಡಿದರೆ ಅಕ್ಷರದ ಗುಂಪು ಸುಮಾರು ಒಂಬತ್ತು ಪಟ್ಟು ಮುಂದಿದೆ. ಆದರೆ ಆ ಗುಂಪಿನ ಏಳರಲ್ಲಿ ಒಂದೇ ಒಂದು ವಿಡಿಯೊವೂ 14,227ರ ಆಸುಪಾಸಿನಲ್ಲಿಲ್ಲ. ಆರು ವಿಡಿಯೊಗಳು ಅದಕ್ಕಿಂತ ಬಹಳ ಕೆಳಗೆ, ಒಂದು ಬಹಳ ಮೇಲೆ. ಸಾಲಿನ ನಡುವೆ ನಿಲ್ಲುವ ಮಧ್ಯಾಂಕವನ್ನು ನೋಡಿದರೆ ಚಿತ್ರವೇ ತಿರುಗುತ್ತದೆ: ಮುಖದ ಗುಂಪಿಗೆ 1380, ಅಕ್ಷರದ ಗುಂಪಿಗೆ 580.

ಟಿ-ಪರೀಕ್ಷೆ ಏಕೆ ಕುರುಡಾಗುತ್ತದೆ?

ಟಿ-ಪರೀಕ್ಷೆ ಮಾಡುವುದು ಸರಳ ಕೆಲಸ. ಎರಡು ಸರಾಸರಿಗಳ ವ್ಯತ್ಯಾಸವನ್ನು ತೆಗೆದುಕೊಂಡು, ಆ ವ್ಯತ್ಯಾಸ ಎಷ್ಟು ಅಲುಗಾಡಬಹುದು ಎಂಬ ಅಂದಾಜಿನಿಂದ ಭಾಗಿಸುತ್ತದೆ. ಬಂದ ಸಂಖ್ಯೆ 2ನ್ನು ಚೆನ್ನಾಗಿ ದಾಟಿದರೆ ವ್ಯತ್ಯಾಸ ಗಣನೀಯ ಎನ್ನುತ್ತೇವೆ. ಇಲ್ಲಿ ವ್ಯತ್ಯಾಸ 12,627. ಅಲುಗಾಟದ ಅಂದಾಜು ಸುಮಾರು 13,600. ಭಾಗಿಸಿದರೆ 0.93. ಅಂದರೆ ಏನೂ ಹೇಳಲಾಗದು.

ಇಲ್ಲೊಂದು ವಿಚಿತ್ರವಿದೆ. ಆ ವೈರಲ್ ವಿಡಿಯೊಗೆ 96 ಸಾವಿರದ ಬದಲು 96 ಲಕ್ಷ ವ್ಯೂಸ್ ಬಂದಿತ್ತು ಎಂದುಕೊಳ್ಳಿ. ಟಿ ಸಂಖ್ಯೆ ನೂರು ಪಟ್ಟು ಹೆಚ್ಚಬೇಕಲ್ಲವೇ? ಇಲ್ಲ. ಅದು 1ರ ಹತ್ತಿರ ಬಂದು ನಿಂತುಬಿಡುತ್ತದೆ. ಒಂದೇ ಸಂಖ್ಯೆ ಉಳಿದೆಲ್ಲವನ್ನೂ ನುಂಗುವಷ್ಟು ದೊಡ್ಡದಾದಾಗ ಮೇಲಿನ ವ್ಯತ್ಯಾಸವೂ ಕೆಳಗಿನ ಅಲುಗಾಟವೂ ಅದರ ಜೊತೆಗೇ ಊದಿಕೊಳ್ಳುತ್ತವೆ. ಎರಡೂ ಒಂದೇ ಪ್ರಮಾಣದಲ್ಲಿ ಬೆಳೆದರೆ ಭಾಗಲಬ್ಧ 1 ಆಗದೆ ಇನ್ನೇನಾಗುತ್ತದೆ? ಉಳಿದ ಹದಿಮೂರು ವಿಡಿಯೊಗಳು ಏನು ಹೇಳುತ್ತಿವೆ ಎಂಬುದು ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಸರಾಸರಿಗಳ ನಡುವೆ ಭಾರಿ ಅಂತರವಿದ್ದೂ ಟಿ ಸಂಖ್ಯೆ 1ರ ಸುತ್ತಮುತ್ತ ಬಂದರೆ, ಎಲ್ಲೋ ಒಂದು ದೈತ್ಯ ಸಂಖ್ಯೆ ಕೂತಿದೆಯೇ ಎಂದು ಮೊದಲು ಹುಡುಕಿ.

‘ಹಾಗಾದ್ರೆ ಆ ವೈರಲ್ ವಿಡಿಯೊನ ತೆಗೆದುಬಿಡೋಣ’ ಎನ್ನುವುದು ಸುಲಭದ ದಾರಿ. ಆದರೆ ಅದು ತಪ್ಪು ಎಣಿಕೆಯಲ್ಲ, ನಿಜವಾಗಿಯೂ ಜನ ನೋಡಿದ ವಿಡಿಯೊ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂದು ನಾವೇ ತೀರ್ಮಾನಿಸತೊಡಗಿದರೆ ಫಲಿತಾಂಶವನ್ನೂ ನಾವೇ ತೀರ್ಮಾನಿಸಿದಂತೆ.

ಸಂಖ್ಯೆ ಬಿಡಿ, ಸ್ಥಾನ ನೋಡಿ

ಈ ಗಂಟನ್ನು ಬಿಡಿಸುವ ಉಪಾಯವೊಂದನ್ನು 1945ರಲ್ಲಿ ಫ್ರಾಂಕ್ ವಿಲ್ಕಾಕ್ಸನ್ ಪ್ರಕಟಿಸಿದರು. ಅವರು ವೃತ್ತಿಯಿಂದ ರಸಾಯನಶಾಸ್ತ್ರಜ್ಞರು. ಎರಡು ವರ್ಷದ ನಂತರ, 1947ರಲ್ಲಿ, ಹೆನ್ರಿ ಮಾನ್ ಮತ್ತು ಡೊನಾಲ್ಡ್ ವಿಟ್ನಿ ಅದೇ ವಿಚಾರವನ್ನು ಇನ್ನೊಂದು ರೂಪದಲ್ಲಿ ಬೆಳೆಸಿದರು. ಹಾಗಾಗಿ ಕೆಲವು ಪುಸ್ತಕಗಳಲ್ಲಿ ಇದು ವಿಲ್ಕಾಕ್ಸನ್ ರ‍್ಯಾಂಕ್-ಮೊತ್ತ ಪರೀಕ್ಷೆ, ಇನ್ನು ಕೆಲವದರಲ್ಲಿ ಮಾನ್-ವಿಟ್ನಿ ಯು ಪರೀಕ್ಷೆ. ಹೆಸರು ಎರಡು, ಉತ್ತರ ಒಂದೇ.

ಮಾಡುವುದು ಇಷ್ಟೆ. ಹದಿನಾಲ್ಕೂ ವಿಡಿಯೊಗಳನ್ನು, ಗುಂಪು ಮರೆತು, ಕಡಿಮೆಯಿಂದ ಹೆಚ್ಚಿನ ಕಡೆಗೆ ಒಂದೇ ಸಾಲಿನಲ್ಲಿ ನಿಲ್ಲಿಸಿ. 210 ವ್ಯೂಸ್ ಬಂದದ್ದಕ್ಕೆ 1ನೇ ಸ್ಥಾನ, 340ಕ್ಕೆ 2ನೇ ಸ್ಥಾನ, ಹೀಗೆ ಸಾಗಿ 96000 ಬಂದದ್ದಕ್ಕೆ 14ನೇ ಸ್ಥಾನ. ಎರಡು ವಿಡಿಯೊಗಳಿಗೆ ಒಂದೇ ಸಂಖ್ಯೆ ಬಂದರೆ ಅವೆರಡರ ಸ್ಥಾನಗಳ ಸರಾಸರಿಯನ್ನು ಎರಡಕ್ಕೂ ಕೊಡಬೇಕು. ಈಗ ಗುಂಪುಗಳನ್ನು ನೆನಪಿಸಿಕೊಳ್ಳಿ.

ಮುಖದ ಗುಂಪಿನ ಸ್ಥಾನಗಳು 5, 7, 8, 10, 11, 12, 13. ಮೊತ್ತ 66.

ಅಕ್ಷರದ ಗುಂಪಿನ ಸ್ಥಾನಗಳು 1, 2, 3, 4, 6, 9, 14. ಮೊತ್ತ 39.

ವೈರಲ್ ವಿಡಿಯೊ ಸಾಲಿನಿಂದ ಹೊರಗೆ ಹೋಗಿಲ್ಲ, ತನಗೆ ಸಲ್ಲಬೇಕಾದ ಮೊದಲ ಮಣೆಯಲ್ಲೇ ಕೂತಿದೆ. ಆದರೆ ಅದಕ್ಕೆ ಸಿಕ್ಕಿದ್ದು ಒಂದೇ ಮಣೆ. ಅದಕ್ಕೆ 96 ಸಾವಿರದ ಬದಲು 96 ಲಕ್ಷ ಬಂದಿದ್ದರೂ ಸ್ಥಾನ 14ನೆಯದೇ. ಎಲ್ಲ ವ್ಯೂಸ್‌ಗಳ ಲಾಗ್ ತೆಗೆದರೂ ಸ್ಥಾನಗಳು ಬದಲಾಗುವುದಿಲ್ಲ. ಬಾಲ ಎಷ್ಟೇ ಉದ್ದವಿದ್ದರೂ ಈ ಪರೀಕ್ಷೆ ಹೆದರದಿರುವುದಕ್ಕೆ ಇದೇ ಕಾರಣ.

66 ಎಂಬ ಮೊತ್ತದ ಅರ್ಥ ಏನು ಎಂಬುದು ಮಾನ್ ಮತ್ತು ವಿಟ್ನಿ ಅವರ ರೂಪದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಇದನ್ನೊಂದು ಪಂದ್ಯಾವಳಿ ಎಂದುಕೊಳ್ಳಿ. ಮುಖದ ಗುಂಪಿನ ಪ್ರತಿ ವಿಡಿಯೊ, ಅಕ್ಷರದ ಗುಂಪಿನ ಪ್ರತಿ ವಿಡಿಯೊ ಜೊತೆ ಒಂದು ಪಂದ್ಯ ಆಡಬೇಕು. ಯಾರಿಗೆ ವ್ಯೂಸ್ ಹೆಚ್ಚೋ ಅವರಿಗೆ ಗೆಲುವು. ಒಟ್ಟು 7 × 7 = 49 ಪಂದ್ಯ. ಅಕ್ಷರದ ಗುಂಪಿನ ಗೆಲುವುಗಳನ್ನು ಎಣಿಸೋಣ. ವೈರಲ್ ವಿಡಿಯೊ ತನ್ನ ಏಳೂ ಪಂದ್ಯ ಗೆಲ್ಲುತ್ತದೆ. 1240 ವ್ಯೂಸ್‌ನದು ಮೂರು ಪಂದ್ಯ ಗೆಲ್ಲುತ್ತದೆ. 790ರದು ಒಂದು. ಉಳಿದ ನಾಲ್ಕು ಒಂದನ್ನೂ ಗೆಲ್ಲುವುದಿಲ್ಲ. ಒಟ್ಟು 11. ಹಾಗಾದರೆ ಮುಖದ ಗುಂಪಿನ ಗೆಲುವು 38. ಈ 38 ಅಥವಾ 11 ಎಂಬುದೇ ಯು ಸಂಖ್ಯೆ. ರ‍್ಯಾಂಕ್ ಮೊತ್ತದಿಂದಲೂ ಇದೇ ಬರುತ್ತದೆ: 66ರಿಂದ 1+2+…+7 = 28 ಕಳೆದರೆ 38.

38ನ್ನು 49ರಿಂದ ಭಾಗಿಸಿದರೆ ಸುಮಾರು 0.78. ಎರಡೂ ಗುಂಪಿನಿಂದ ಒಂದೊಂದು ವಿಡಿಯೊವನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ನೂರರಲ್ಲಿ 78 ಸಲ ಮುಖವಿರುವ ವಿಡಿಯೊಗೇ ಹೆಚ್ಚು ವ್ಯೂಸ್ ಇರುತ್ತದೆ ಎಂದು ಇದರ ಅರ್ಥ. ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೆ ಈ ಪಾಲು 50ರ ಹತ್ತಿರ ಇರಬೇಕಿತ್ತು. ಕೆಲವು ಪುಸ್ತಕಗಳು ಈ ಪರೀಕ್ಷೆಯನ್ನು ಮಧ್ಯಾಂಕಗಳ ಹೋಲಿಕೆ ಎನ್ನುತ್ತವೆ. ಎರಡೂ ಗುಂಪುಗಳ ಹರಡುವಿಕೆಯ ಆಕಾರ ಒಂದೇ ಆಗಿದ್ದಾಗ ಮಾತ್ರ ಆ ಮಾತು ಸರಿ. ಸಾಮಾನ್ಯವಾಗಿ ಇದು ಹೋಲಿಸುವುದು ಗೆಲುವಿನ ಪಾಲನ್ನೇ.

ಆಕಸ್ಮಿಕವೋ, ಅಲ್ಲವೋ?

38–11 ದೊಡ್ಡ ಅಂತರದಂತೆ ಕಾಣುತ್ತದೆ. ಆದರೆ ಇರುವುದು ಹದಿನಾಲ್ಕೇ ವಿಡಿಯೊ. ಥಂಬ್‌ನೇಲ್‌ಗೂ ವ್ಯೂಸ್‌ಗೂ ಸಂಬಂಧವೇ ಇಲ್ಲದಿದ್ದರೂ ಇಂಥ ಅಂತರ ತಾನಾಗಿ ಬರಬಹುದೇ? ಇದಕ್ಕೆ ಉತ್ತರಿಸಲು ಗಂಟೆಯಾಕಾರದ ವಕ್ರರೇಖೆಯ ಸಹವಾಸವೇ ಬೇಡ. ಬರೀ ಎಣಿಸಿದರೆ ಸಾಕು.

ಸಂಬಂಧ ಇಲ್ಲವೆಂದಾದರೆ 1ರಿಂದ 14ರವರೆಗಿನ ಸ್ಥಾನಗಳಲ್ಲಿ ಯಾವ ಏಳು ಮುಖದ ಗುಂಪಿಗೆ ಬಿದ್ದವು ಎಂಬುದು ಬರೀ ಚೀಟಿ ಎತ್ತಿದಂತೆ. ಹದಿನಾಲ್ಕರಿಂದ ಏಳನ್ನು ಆರಿಸಲು 3432 ವಿಧಾನಗಳಿವೆ. ಅವುಗಳಲ್ಲಿ ಮುಖದ ಗುಂಪು 38 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆಲ್ಲುವಂಥವು 167. ಅಕ್ಷರದ ಗುಂಪು ಅಷ್ಟೇ ಜೋರಾಗಿ ಗೆಲ್ಲುವಂಥವೂ 167. ಒಟ್ಟು 334. ಇದನ್ನು 3432ರಿಂದ ಭಾಗಿಸಿದರೆ 0.097. ಇದೇ ಪಿ-ಮೌಲ್ಯ. ಥಂಬ್‌ನೇಲ್‌ನಿಂದ ಏನೂ ವ್ಯತ್ಯಾಸವಾಗದಿದ್ದರೂ, ಇಷ್ಟು ದೊಡ್ಡ ಅಂತರ ಹತ್ತರಲ್ಲಿ ಒಂದು ಸಲ ತಾನಾಗಿಯೇ ಬಂದೀತು.

ಪೈಥಾನ್ ಬಲ್ಲವರು ಇದನ್ನು ನಾಲ್ಕೈದು ಸಾಲಿನಲ್ಲಿ ಪರೀಕ್ಷಿಸಿಕೊಳ್ಳಬಹುದು:

```python
from scipy.stats import mannwhitneyu
a = [640, 910, 1150, 1380, 1720, 2300, 3100]
b = [210, 340, 430, 580, 790, 1240, 96000]
r = mannwhitneyu(a, b, alternative="two-sided", method="exact")
print(r.statistic, r.pvalue)
```

ತೆರೆಯ ಮೇಲೆ 38 ಮತ್ತು ಸುಮಾರು 0.0973 ಬರುತ್ತದೆ. ಪುಸ್ತಕದ ಕೋಷ್ಟಕಗಳು ಎರಡು ಯು ಸಂಖ್ಯೆಗಳಲ್ಲಿ ಚಿಕ್ಕದನ್ನು, ಅಂದರೆ 11ನ್ನು, ಬಳಸುತ್ತವೆ. ಅದರಿಂದ ಗಾಬರಿಯಾಗಬೇಡಿ.

ಇಲ್ಲೇ ಒಂದು ಜಾರುಗುಂಡಿ ಇದೆ. ಮೇಲಿನ ಕೋಡ್‌ನಲ್ಲಿ `two-sided` ಬದಲು `greater` ಎಂದು ಬರೆದರೆ ಕಂಪ್ಯೂಟರ್ ಒಂದು ಬದಿಯ 167ನ್ನು ಮಾತ್ರ ಎಣಿಸುತ್ತದೆ. ಆಗ ಪಿ-ಮೌಲ್ಯ 0.0487. ಎಲ್ಲರೂ ಬಳಸುವ 0.05ರ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ! ಅದೇ ಹದಿನಾಲ್ಕು ಸಂಖ್ಯೆಗಳು, ಒಂದೇ ಒಂದು ಪದದ ಬದಲಾವಣೆ. ‘ಗಣನೀಯವಲ್ಲ’ ಇದ್ದದ್ದು ‘ಗಣನೀಯ’ ಆಗಿಬಿಡುತ್ತದೆ. ಮುಖದ ಗುಂಪೇ ಮುಂದಿರುತ್ತದೆ ಎಂದು ಸಂಖ್ಯೆ ನೋಡುವ ಮೊದಲೇ ಬರೆದಿಟ್ಟಿದ್ದರೆ ಒಂದು ಬದಿಯ ಲೆಕ್ಕ ನ್ಯಾಯವೇ. ಆದರೆ ಗೆಳೆಯನ ಮೊದಲ ಊಹೆ ಇದಕ್ಕೆ ತದ್ವಿರುದ್ಧವಾಗಿತ್ತು. ಸಂಖ್ಯೆ ನೋಡಿದ ಮೇಲೆ ದಿಕ್ಕು ಆರಿಸುವುದೆಂದರೆ ಬಾಣ ಬಿಟ್ಟು, ಅದು ನೆಟ್ಟ ಕಡೆ ಗುರಿಯ ವೃತ್ತ ಬರೆದಂತೆ. ನಮ್ಮ ಉತ್ತರ 0.097 ಎಂದೇ ಉಳಿಯಿತು.

ಪರೀಕ್ಷೆಗೆ ಕಾಣದ ಸಂಗತಿಗಳು

ರ‍್ಯಾಂಕ್ ಪರೀಕ್ಷೆ ಬಾಲಕ್ಕೆ ಹೆದರುವುದಿಲ್ಲ ನಿಜ, ಆದರೆ ದತ್ತಾಂಶದ ಉಳಿದ ದೋಷಗಳನ್ನು ಅದು ಸರಿಪಡಿಸುವುದಿಲ್ಲ. ಒಂದು ವರ್ಷ ಹಳೆಯ ವಿಡಿಯೊವನ್ನು ಒಂದು ವಾರದ ವಿಡಿಯೊ ಜೊತೆ ಆಡಿಸಿದರೆ ಹಳೆಯದಕ್ಕೆ ಮೊದಲೇ ಅನುಕೂಲ. ಅದಕ್ಕೇ ನಾವು ಎಲ್ಲದಕ್ಕೂ 30 ದಿನದ ವ್ಯೂಸ್ ಹಿಡಿದದ್ದು. ಮುಖದ ವಿಡಿಯೊಗಳೆಲ್ಲ ಮೊದಲು ಬಂದು ಅಕ್ಷರದವು ನಂತರ ಬಂದಿದ್ದರೆ, ನಡುವೆ ಬೆಳೆದ ಚಂದಾದಾರರ ಸಂಖ್ಯೆ ಥಂಬ್‌ನೇಲ್‌ನ ಗುಣದಂತೆ ಕಾಣಬಹುದು. ಸುಲಭವಾದ ಪಾಠಕ್ಕೆ ಮುಖ, ಕಷ್ಟದ ಪಾಠಕ್ಕೆ ಅಕ್ಷರ ಎಂದು ಆರಿಸಿದ್ದರೆ ನಾವು ಅಳೆಯುತ್ತಿರುವುದು ಪಾಠವನ್ನು, ಥಂಬ್‌ನೇಲನ್ನಲ್ಲ.

ಇನ್ನೊಂದು, ಪ್ರತಿ ವಿಡಿಯೊ ಸ್ವತಂತ್ರ ಎಂದು ಪರೀಕ್ಷೆ ನಂಬಿಕೊಂಡಿರುತ್ತದೆ. ‘ಶೇಕಡಾವಾರು ಲೆಕ್ಕ – ಭಾಗ 1, 2, 3’ ಎಂಬ ಸರಣಿಯಲ್ಲಿ ಮೊದಲ ಭಾಗ ಓಡಿದರೆ ಉಳಿದವನ್ನೂ ಎಳೆದುಕೊಂಡು ಹೋಗುತ್ತದೆ. ಅವು ಮೂರು ವಿಡಿಯೊಗಳಂತೆ ಕಂಡರೂ ಕೊಡುವ ಸಾಕ್ಷ್ಯ ಹೆಚ್ಚುಕಡಿಮೆ ಒಂದರದ್ದೇ. ಇಂಥವನ್ನು ಬಿಡಿಬಿಡಿಯಾಗಿ ಎಣಿಸಿದರೆ ಪಿ-ಮೌಲ್ಯ ಸುಳ್ಳು ಧೈರ್ಯ ಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಿತಿ ಬೇರೆಯೇ ಇದೆ. ಮುಖದ ಗುಂಪಿನ ಏಳು ವಿಡಿಯೊಗಳ ಒಟ್ಟು ವ್ಯೂಸ್ 11,200. ಅಕ್ಷರದ ಗುಂಪಿನದು 99,590. ಬೇಕಾದದ್ದು ಒಟ್ಟು ವ್ಯೂಸ್ ಮಾತ್ರವೇ ಆದರೆ ಎರಡನೇ ಗುಂಪು ತಂದದ್ದೇ ಹೆಚ್ಚು, ಅದನ್ನು ಯಾವ ರ‍್ಯಾಂಕೂ ಅಲ್ಲಗಳೆಯಲಾರದು. ‘ಮುಂದಿನ ಸಾಮಾನ್ಯ ವಿಡಿಯೊಗೆ ಯಾವ ಥಂಬ್‌ನೇಲ್ ಮೇಲು?’ ಎಂಬುದು ಒಂದು ಪ್ರಶ್ನೆ. ‘ಆಗಾಗ ಒಂದು ಜಾಕ್‌ಪಾಟ್ ಹೊಡೆಯುವ ಸಾಧ್ಯತೆ ಯಾವುದರಲ್ಲಿ ಹೆಚ್ಚು?’ ಎಂಬುದು ಇನ್ನೊಂದು. ರ‍್ಯಾಂಕ್ ಪರೀಕ್ಷೆ ಮೊದಲನೆಯದಕ್ಕೆ ಉತ್ತರ. ಎರಡನೆಯದಕ್ಕೆ ಉತ್ತರಿಸಲು ಏಳರಲ್ಲಿ ಒಂದು ವೈರಲ್ ವಿಡಿಯೊ ಸಾಕಾಗುವುದೇ ಇಲ್ಲ, ಅದು ಇನ್ನೊಂದು ಗುಂಪಿನಲ್ಲಿ ಆಗಬಹುದಿತ್ತಲ್ಲ!

ಹಾಗಾದರೆ ಎಷ್ಟು ವಿಡಿಯೊ ಬೇಕು?

ಇಷ್ಟು ನೋಡಿದ ಮೇಲೆ ಗೆಳೆಯ ಐವತ್ತು ಥಂಬ್‌ನೇಲ್‌ಗಳ ಆರ್ಡರ್ ತಡೆಹಿಡಿದ. ‘ಹಾಗಾದ್ರೆ ಮುಖವೇ ಸರಿ ಅಂತಾಯ್ತಲ್ಲ?’ ಎಂದ. ಅದನ್ನೂ ಈ ಲೆಕ್ಕ ಹೇಳುವುದಿಲ್ಲ. ಹತ್ತರಲ್ಲೊಂದು ಆಕಸ್ಮಿಕ ಎಂಬುದು ಒಂದು ಸುಳಿವು, ತೀರ್ಪಲ್ಲ.

ತೀರ್ಪಿಗೆ ಎಷ್ಟು ಬೇಕು ಎಂಬುದಕ್ಕೆ ಸಂಖ್ಯಾಶಾಸ್ತ್ರಜ್ಞ ಗಾಟ್‌ಫ್ರೀಡ್ ನೋಥರ್ ಕೊಟ್ಟ ಒಂದು ಅಂದಾಜು ಸೂತ್ರವಿದೆ. ಗೆಲುವಿನ ಪಾಲು ನಿಜಕ್ಕೂ ಶೇ 78ರಷ್ಟಿದ್ದರೆ, ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಲು ಪ್ರತಿ ಗುಂಪಿಗೆ ಸುಮಾರು 18 ವಿಡಿಯೊ ಸಾಕು. ಆದರೆ ನಿಜವಾದ ಪಾಲು ಶೇ 65 ಮಾತ್ರ ಆಗಿದ್ದರೆ ಗುಂಪಿಗೆ ಸುಮಾರು 58 ಬೇಕು. ಚಿಕ್ಕ ಮಾದರಿಯಲ್ಲಿ ಕಣ್ಣಿಗೆ ಬಿದ್ದ ವ್ಯತ್ಯಾಸ ಸಾಮಾನ್ಯವಾಗಿ ನಿಜಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಹಾಗಾಗಿ 18ಕ್ಕೇ ತೃಪ್ತಿಪಡುವಂತಿಲ್ಲ. ಗುಂಪಿಗೆ 30 ಎಂದು ನಿಗದಿ ಮಾಡಿದೆವು. ಅದು ಅವನು ಒಂದು ವರ್ಷದಲ್ಲಿ ಮಾಡಬಹುದಾದಷ್ಟು.

ನಿಯಮಗಳು ಮೂರೇ. ಪ್ರತಿ ವಿಡಿಯೊ ಸಿದ್ಧವಾದ ಮೇಲೆ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ಮುಖ, ಟೇಲ್ ಬಿದ್ದರೆ ಅಕ್ಷರ, ಒಂದು ಗುಂಪು 30 ತುಂಬಿದರೆ ಉಳಿದವು ಇನ್ನೊಂದಕ್ಕೆ. ಸರಣಿಯ ಎಲ್ಲ ಭಾಗಗಳಿಗೆ ಒಂದೇ ನಾಣ್ಯ, ಲೆಕ್ಕಕ್ಕೆ ಮೊದಲ ಭಾಗ ಮಾತ್ರ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ಅರವತ್ತೂ ಮುಗಿಯುವವರೆಗೆ ಪಿ-ಮೌಲ್ಯ ಲೆಕ್ಕ ಹಾಕುವಂತಿಲ್ಲ. ಪ್ರತಿ ವಾರ ಇಣುಕಿ ನೋಡಿ, 0.05ಕ್ಕಿಂತ ಕೆಳಗಿಳಿದ ಕೂಡಲೇ ‘ಗೆದ್ದೆ’ ಎಂದು ನಿಲ್ಲಿಸಿದರೆ, ವ್ಯತ್ಯಾಸವೇ ಇಲ್ಲದಿದ್ದಾಗಲೂ ಗೆಲ್ಲುವ ಅವಕಾಶ ಶೇ 5ಕ್ಕಿಂತ ಬಹಳ ಹೆಚ್ಚುತ್ತದೆ.

ಅಲ್ಲಿಯವರೆಗೆ ಈ ಹದಿನಾಲ್ಕು ವಿಡಿಯೊಗಳ ಬಗ್ಗೆ ಬರೆಯಬಹುದಾದದ್ದು ಇಷ್ಟು. ಕಾಲೇಜಿನ ಪ್ರಾಜೆಕ್ಟ್‌ನಲ್ಲೋ ಕಂಪನಿಯ ವರದಿಯಲ್ಲೋ ಇಂಥ ಲೆಕ್ಕ ಒಪ್ಪಿಸುವವರಿಗೆ ಮಾದರಿಯಾಗಿಯೂ ಆದೀತು: ‘ಮೊದಲ 30 ದಿನಗಳಲ್ಲಿ ಮುಖವಿರುವ 7 ವಿಡಿಯೊಗಳ ಮಧ್ಯಾಂಕ 1380, ಅಕ್ಷರದ 7 ವಿಡಿಯೊಗಳ ಮಧ್ಯಾಂಕ 580. ಜೋಡಿ ಹೋಲಿಕೆಗಳಲ್ಲಿ ಶೇ 78ರಲ್ಲಿ ಮುಖವಿರುವ ವಿಡಿಯೊ ಮುಂದಿದೆ (ಯು = 38, ಎರಡು ಬದಿಯ ನಿಖರ ಪಿ = 0.097). ಒಟ್ಟು ವ್ಯೂಸ್ ಅಕ್ಷರದ ಗುಂಪಿಗೇ ಹೆಚ್ಚು, ಅದರಲ್ಲಿ 96 ಸಾವಿರ ಒಂದೇ ವಿಡಿಯೊದ್ದು.’